ಮೇಲೆ ಏನು ಮಾಡಿದಿ, ಕೆಳಗೆ ಏನು ಮಾಡಿದಿ?



ನಿಮ್ಮ ಮನೆಯಲ್ಲಿ ನಾಲ್ಕನೆಯ ಇಲ್ಲವೆ ಐದನೆಯ ಇಯತ್ತೆಯಲ್ಲಿ ಓದುವ ಮಗುವಿದ್ದರೆ ಅದರ ಗಣಿತದ ವಹಿಯನ್ನು ಒಮ್ಮೆ ತೆರೆದು ನೋಡಿರಿ. ಭಿನ್ನರಾಶಿಯ ಲೆಕ್ಕಗಳು ಬಂದಲ್ಲಿ ಒಂದು ಪುಟದ ತುಂಬ ಸರಿ ಗುರುತುಗಳಿರುತ್ತವೆ, ಮುಂದಿನ ಪುಟದ ತುಂಬ ತಪ್ಪಿನ ಗೀಟುಗಳಿರುತ್ತವೆ. ಎರಡೂ ಪುಟಗಳ ಲೆಕ್ಕ ಒಂದೇ ಜಾತಿಯದು. ನಿನ್ನೆ ಬಂದದ್ದು ಇಂದು ಏಕೆ ಬರಲಿಲ್ಲವೆಂದು ತಾಯಿತಂದೆಗಳು ಕೇಳುತ್ತಾರೆ. ನಿನ್ನೆಯೂ ಬಂದಿರಲಿಲ್ಲವೆಂಬುದೇ ಅನೇಕ ವೇಳೆ ಇದಕ್ಕೆ ಉತ್ತರ. ಉತ್ತರವು ಸರಿಯಾಗಿತ್ತು, ಮಾಡಿದ ಕ್ರಮ ಸರಿಯಾಗಿರಲಿಲ್ಲ. ಈ ಕ್ರಮವನ್ನು ಮನೆಯಲ್ಲಿಯೇ ಪರೀಕ್ಷಿಸುವ ಬಗೆಯನ್ನು ಈ ಹೊತ್ತು ಹೇಳುತ್ತೇನೆ. ಕೊನೆಯಲ್ಲಿ ಒಂದು ಅಭ್ಯಾಸದ ಹಾಳೆಯನ್ನೂ ಕೊಡುತ್ತೇನೆ. ಒಂದು ಪಾಟಿ, ಒಂದು ಬಳಪ ಹತ್ತಿರ ಇಟ್ಟುಕೊಂಡರೆ ಸಾಕು.

ಮೊದಲು ಎರಡು ಶಬ್ದಗಳ ಪರಿಚಯವಾಗಲಿ. ಭಿನ್ನರಾಶಿಯಲ್ಲಿ ಗೆರೆಯ ಕೆಳಗಿನ ಸಂಖ್ಯೆಗೆ ಛೇದವೆಂದು ಹೆಸರು. ಛೇದವೆಂದರೆ ಕತ್ತರಿಸುವುದು. ಇಡೀ ವಸ್ತುವನ್ನು ಎಷ್ಟು ಸಮ ತುಂಡುಗಳಾಗಿ ಕತ್ತರಿಸಿದೆವೆಂಬುದನ್ನು ಅದು ಹೇಳುತ್ತದೆ. ಗೆರೆಯ ಮೇಲಿನ ಸಂಖ್ಯೆ ಅಂಶ. ಅಂಶವೆಂದರೆ ಪಾಲು. ಆ ತುಂಡುಗಳಲ್ಲಿ ಎಷ್ಟು ನಮ್ಮ ಪಾಲಿಗೆ ಬಂದವೆಂಬುದನ್ನು ಅದು ಹೇಳುತ್ತದೆ. ಹೆಸರುಗಳಲ್ಲಿಯೇ ಅರ್ಥವಿದೆ. ಮಗುವಿಗೆ ಈ ಅರ್ಥವನ್ನು ಹೇಳದೆ ಬರಿಯ ಹೆಸರನ್ನು ಬಾಯಿಪಾಠ ಮಾಡಿಸಿದರೆ ಮೇಲಿನದು ಯಾವುದು, ಕೆಳಗಿನದು ಯಾವುದು ಎಂಬುದು ಎರಡು ದಿನಗಳಲ್ಲಿ ಮರೆತುಹೋಗುತ್ತದೆ.

ಇನ್ನು ಉದಾಹರಣೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಭಿನ್ನರಾಶಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಹೊಲದ ಉತಾರವನ್ನು ತೆಗೆದರೆ ಸಾಕು. ಒಂದು ಎಕರೆಗೆ 40 ಗುಂಟೆ. ಒಂದು ಗುಂಟೆಯೆಂದರೆ ಉದ್ದ 33 ಅಡಿ, ಅಗಲ 33 ಅಡಿ. ಆ ಗುಂಟೆಗೆ ಮತ್ತೆ 16 ಆಣೆ. ಹಳೆಯ ಮುಂಬಯಿ ಇಲಾಖೆಯ ಭೂಮಾಪನದಿಂದ ಬಂದ ಈ ಲೆಕ್ಕ ಇಂದಿಗೂ ನಮ್ಮಲ್ಲಿ ನಡೆದಿದೆ. ಅಣ್ಣತಮ್ಮಂದಿರ ವಾಟಣಿಯಾಗುವಾಗ ಹಿರಿಯರು ಬಾಯಲ್ಲಿ ಆಡುವುದೆಲ್ಲ ಭಿನ್ನರಾಶಿಯೇ ಆಗಿರುತ್ತದೆ.

ಒಂದು ಎಕರೆ ಹೊಲದಲ್ಲಿ ಒಬ್ಬನ ಪಾಲಿಗೆ 15 ಗುಂಟೆ ಬಂತೆನ್ನಿ. ಅವನಿಗೆ ಎಕರೆಯ ಎಷ್ಟನೆಯ ಭಾಗ ಬಂತು? ಎಕರೆಯನ್ನು 40 ತುಂಡು ಮಾಡಿದ್ದೇವೆ, ಅವನಿಗೆ 15 ತುಂಡು. ಆದ್ದರಿಂದ ನಲವತ್ತರಲ್ಲಿ ಹದಿನೈದು, ಅಂದರೆ 15/40. ಇದು ಸರಿಯಾದ ಉತ್ತರವೇ. ಆದರೆ ಸಣ್ಣ ಸಂಖ್ಯೆಗಳಲ್ಲಿ ಹೇಳಿದರೆ ಮನಸ್ಸಿಗೆ ಬೇಗ ಹಿಡಿಯುತ್ತದೆ. ಆ ಸಣ್ಣ ರೂಪವನ್ನು ಪಡೆಯುವುದು ಹೇಗೆ?

ಹೊಲದಲ್ಲಿಯೇ ನಿಂತು ನೋಡೋಣ. 40 ಗುಂಟೆಗಳನ್ನು ಐದೈದು ಗುಂಟೆಗಳ ಪಟ್ಟಿಗಳನ್ನಾಗಿ ಗುರುತಿಸಿರಿ. ಇಡೀ ಹೊಲಕ್ಕೆ 8 ಪಟ್ಟಿಗಳಾದವು. ಅವನ 15 ಗುಂಟೆಗಳನ್ನೂ ಐದೈದರಂತೆ ಎಣಿಸಿರಿ. 3 ಪಟ್ಟಿಗಳಾದವು. ಎಂಟು ಪಟ್ಟಿಗಳಲ್ಲಿ ಮೂರು ಅವನವು, ಅಂದರೆ 3/8. ಹೊಲ ಬೆಳೆಯಲಿಲ್ಲ, ಕುಗ್ಗಲಿಲ್ಲ. ಬದುವು ಇದ್ದಲ್ಲಿಯೇ ಇದೆ. ಗುಂಟೆಗಳನ್ನು ಎಣಿಸುವ ಬದಲು ಐದು ಗುಂಟೆಗಳ ಪಟ್ಟಿಗಳನ್ನು ಎಣಿಸಿದೆವು, ಅಷ್ಟೆ. 15/40 ಮತ್ತು 3/8 ಇವು ಸಮಾನ ಭಿನ್ನರಾಶಿಗಳು ಎಂಬ ಮಾತಿನ ಅರ್ಥ ಇದೇ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಇಡೀ ಹೊಲವನ್ನು ಐದರ ಪಟ್ಟಿಗಳಿಂದ ಅಳೆದು, ಅವನ ಪಾಲನ್ನು ಮೂರರ ಪಟ್ಟಿಗಳಿಂದ ಅಳೆದರೆ ಆ ಲೆಕ್ಕ ಯಾವ ಪಂಚರ ಮುಂದೆಯೂ ನಿಲ್ಲದು. ಎರಡಕ್ಕೂ ಒಂದೇ ಪಟ್ಟಿ ಇರಬೇಕು. ಅಂಶವನ್ನು ಐದರಿಂದ ಭಾಗಿಸಿದರೆ ಛೇದವನ್ನೂ ಐದರಿಂದಲೇ ಭಾಗಿಸಬೇಕೆಂಬ ನಿಯಮಕ್ಕೆ ಇದೇ ಕಾರಣ. ಹಳೆಯ ಗಣಿತಗ್ರಂಥಗಳಲ್ಲಿ ಹೀಗೆ ಸಂಕ್ಷೇಪ ಮಾಡುವುದನ್ನು ಅಪವರ್ತನವೆಂದು ಕರೆದರು. ಕ್ರಿಸ್ತಶಕ ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಬರೆದ ಗಣಿತಸಾರಸಂಗ್ರಹದಲ್ಲಿ ಭಿನ್ನರಾಶಿಗಳಿಗೆ ಒಂದು ಪ್ರಕರಣವೇ ಮೀಸಲಾಗಿದೆ. ಅದರ ಹೆಸರು ಕಲಾಸವರ್ಣ. ಕಲೆಯೆಂದರೆ ತುಂಡು, ಸವರ್ಣವೆಂದರೆ ಒಂದೇ ವರ್ಗಕ್ಕೆ ಸೇರಿದ್ದು. ಬೇರೆ ಬೇರೆ ಅಳತೆಯ ತುಂಡುಗಳನ್ನು ಒಂದೇ ಅಳತೆಗೆ ತರುವುದೇ ಈ ವಿದ್ಯೆಯ ತಿರುಳೆಂಬುದು ಹೆಸರಿನಲ್ಲಿಯೇ ಕಾಣುತ್ತದೆ.

ಈಗ ಮಕ್ಕಳು ತಪ್ಪುವುದು ಎಲ್ಲಿ ಎಂಬುದನ್ನು ನೋಡೋಣ. ಇದೇ 15/40 ಅನ್ನು ವರ್ಗದಲ್ಲಿ ಕೊಟ್ಟರೆ ಮೂರು ಬಗೆಯ ತಪ್ಪು ಉತ್ತರಗಳು ಮತ್ತೆ ಮತ್ತೆ ಬರುತ್ತವೆ.

ಒಬ್ಬನು ಅಂಶವನ್ನು 5ರಿಂದ ಭಾಗಿಸಿ 3 ಎಂದು ಬರೆಯುತ್ತಾನೆ, ಛೇದವನ್ನು ಹಾಗೆಯೇ ಬಿಡುತ್ತಾನೆ. ಉತ್ತರ 3/40. ಹದಿನೈದು ಗುಂಟೆಯವನ ಕೈಗೆ ಮೂರೇ ಗುಂಟೆ ಬಂತು, ಹನ್ನೆರಡು ಗುಂಟೆ ಹೋಯಿತು. ಇನ್ನೊಬ್ಬನು ಅಂಶವನ್ನು 3ರಿಂದಲೂ ಛೇದವನ್ನು 4ರಿಂದಲೂ ಭಾಗಿಸುತ್ತಾನೆ. ಎರಡೂ ನಿಶ್ಶೇಷವಾಗಿ ಹೋಗುತ್ತವೆಂದು ಅವನಿಗೆ ಸಂತೋಷ. ಉತ್ತರ 5/10, ಅಂದರೆ ಅರ್ಧ ಎಕರೆ. ಹದಿನೈದಿದ್ದದ್ದು ಇಪ್ಪತ್ತಾಯಿತು. ಆ ಹೆಚ್ಚಿನ ಐದು ಗುಂಟೆ ಅಣ್ಣನ ಹೊಲದಿಂದ ಬಂದಿರಬೇಕಲ್ಲವೆ? ಮೂರನೆಯವನು ಎರಡಕ್ಕೂ ಒಂದೇ ಕೆಲಸ ಮಾಡಬೇಕೆಂಬ ಮಾತನ್ನು ಚೆನ್ನಾಗಿ ಕೇಳಿಸಿಕೊಂಡವನು. ಮೇಲೂ 5 ಕಳೆಯುತ್ತಾನೆ, ಕೆಳಗೂ 5 ಕಳೆಯುತ್ತಾನೆ. ಉತ್ತರ 10/35.

ಈ ಮೂರನೆಯವನನ್ನು ಗದರಿಸಬಾರದು. ಅವನು ಹೇಳಿದಂತೆಯೇ ಮಾಡಿದ್ದಾನೆ. ಅವನಿಗೆ ತಿಳಿಯದ್ದು ಇಷ್ಟೇ: ಗುಣಿಸುವುದು, ಭಾಗಿಸುವುದು ಎಂದರೆ ತುಂಡಿನ ಗಾತ್ರವನ್ನು ಬದಲಿಸುವುದು. ಕಳೆಯುವುದೆಂದರೆ ತುಂಡನ್ನೇ ಎತ್ತಿಕೊಂಡು ಹೋಗುವುದು. ಹೊಲದ ಒಂದು ಮೂಲೆಯಲ್ಲಿ 5 ಗುಂಟೆಗಳನ್ನು ಹೊಳೆ ಕೊಚ್ಚಿಕೊಂಡು ಹೋಯಿತು, ಆ ಐದೂ ಗುಂಟೆ ಇವನ ಪಾಲಿನವೇ ಆಗಿದ್ದವು ಎಂದರೆ ಉಳಿದದ್ದು 35ರಲ್ಲಿ 10. ನಷ್ಟವೆಲ್ಲ ಇವನದು, ಅಣ್ಣನಿಗೆ ಏನೂ ಇಲ್ಲ. ಪಾಲಿನ ಪ್ರಮಾಣ ಅಲ್ಲಿಯೇ ಕೆಟ್ಟಿತು. ಎರಡರಲ್ಲಿಯೂ ಅದೇ ಸಂಖ್ಯೆಯನ್ನು ಕೂಡಿಸಿದರೂ ಹೀಗೆಯೇ ಕೆಡುತ್ತದೆ. ಆದ್ದರಿಂದ ನಿಯಮವನ್ನು ಅರ್ಧ ಹೇಳದೆ ಪೂರ್ತಿ ಹೇಳಬೇಕು. ಅಂಶ ಮತ್ತು ಛೇದ ಎರಡನ್ನೂ ಒಂದೇ ಸಂಖ್ಯೆಯಿಂದ ಗುಣಿಸಬೇಕು, ಇಲ್ಲವೆ ಒಂದೇ ಸಂಖ್ಯೆಯಿಂದ ಭಾಗಿಸಬೇಕು. ಆ ಸಂಖ್ಯೆ ಸೊನ್ನೆಯಾಗಿರಬಾರದು.

ತಪ್ಪನ್ನು ಕಂಡುಹಿಡಿಯುವುದು ಹೇಗೆ? ಒಂದು ಸುಲಭವಾದ ಒರೆಗಲ್ಲು ಇದೆ. ಮೊದಲಿನ ಅಂಶವನ್ನು ಎರಡನೆಯ ಛೇದದಿಂದ ಗುಣಿಸಿರಿ. ಎರಡನೆಯ ಅಂಶವನ್ನು ಮೊದಲಿನ ಛೇದದಿಂದ ಗುಣಿಸಿರಿ. ಎರಡು ಗುಣಲಬ್ಧಗಳೂ ಒಂದೇ ಆದರೆ ಭಿನ್ನರಾಶಿಗಳು ಸಮಾನ. 15/40 ಮತ್ತು 3/8 ತೆಗೆದುಕೊಂಡರೆ, 15 ಎಂಟಲೆ 120, 3 ನಲವತ್ತಲೆ 120. ಸರಿಹೋಯಿತು. 15/40 ಮತ್ತು 5/10 ತೆಗೆದುಕೊಂಡರೆ, 15 ಹತ್ತಲೆ 150, 5 ನಲವತ್ತಲೆ 200. ಸರಿಹೋಗಲಿಲ್ಲ. 10/35 ಆದರೂ ಹಾಗೆಯೇ: 15 ಮೂವತ್ತೈದಲೆ 525, 10 ನಲವತ್ತಲೆ 400. ಹೀಗೆ ಅಡ್ಡ ಗುಣಿಸಿ ನೋಡುವುದನ್ನು ಮಗು ತಾನೇ ಮಾಡಬಲ್ಲದು.

ಆದರೆ ಈ ಒರೆಗಲ್ಲನ್ನು ಪೂರಾ ನಂಬಿ ಕುಳಿತುಕೊಳ್ಳುವಂತಿಲ್ಲ. ನಾನು ಮೊದಲು ಹೇಳಿದ ನಿನ್ನೆಯ ಪುಟದ ರಹಸ್ಯ ಇಲ್ಲಿಯೇ ಇದೆ. 16/64 ಎಂಬ ಲೆಕ್ಕವನ್ನು ನೋಡಿರಿ. ಮೇಲೂ ಒಂದು 6 ಇದೆ, ಕೆಳಗೂ ಒಂದು 6 ಇದೆ. ಎರಡೂ ಆರುಗಳಿಗೆ ಗೀಟು ಹೊಡೆದರೆ ಉಳಿಯುವುದು 1/4. ಅಡ್ಡ ಗುಣಿಸಿ ನೋಡಿದರೆ 16 ನಾಲ್ಕಲೆ 64, 1 ಅರವತ್ತನಾಲ್ಕಲೆ 64. ಉತ್ತರ ಸರಿ! ಮಾಸ್ತರರು ಸರಿ ಗುರುತು ಹಾಕಿಯೇಬಿಡುತ್ತಾರೆ. ಮರುದಿನ ಅದೇ ಹುಡುಗನು 12/24ರಲ್ಲಿ ಎರಡು ಎರಡುಗಳಿಗೆ ಗೀಟು ಹೊಡೆದು ಮತ್ತೆ 1/4 ಎಂದು ಬರೆಯುತ್ತಾನೆ. 12/24 ಎಂದರೆ ಅರ್ಧವೆಂಬುದು ಹೊಲದಲ್ಲಿ ಕೆಲಸ ಮಾಡುವ ಹುಡುಗನಿಗೂ ಗೊತ್ತು. 16/64ರಲ್ಲಿ ಅದು ಸರಿಬಂದದ್ದು ಕಾಕತಾಳೀಯ. ಅಲ್ಲಿ ಮಾಡಬೇಕಾದ ಕೆಲಸವೆಂದರೆ ಮೇಲೂ ಕೆಳಗೂ 16ರಿಂದ ಭಾಗಿಸುವುದು. ಅವನು ಯಾವುದರಿಂದಲೂ ಭಾಗಿಸಲಿಲ್ಲ, ಅಂಕಿಯನ್ನು ಒರೆಸಿದ, ಅಷ್ಟೆ.

ಆದ್ದರಿಂದ ಉತ್ತರವನ್ನು ನೋಡುವ ಮೊದಲು ನಡುವಣ ಕೆಲಸವನ್ನು ನೋಡಬೇಕು. ಇದಕ್ಕಾಗಿ ಹಾಳೆಯ ಮೇಲೆ ಎರಡು ಮನೆಗಳನ್ನು ಹೆಚ್ಚಾಗಿ ಹಾಕಿರಿ. ಲೆಕ್ಕ ಮತ್ತು ಉತ್ತರ ಇವುಗಳ ನಡುವೆ ‘ಮೇಲೆ ಮಾಡಿದ್ದು’, ‘ಕೆಳಗೆ ಮಾಡಿದ್ದು’ ಎಂಬ ಎರಡು ಮನೆಗಳು. 15/40ರ ಮುಂದೆ ಮಗು ಮೊದಲನೆಯ ಮನೆಯಲ್ಲಿ ‘÷ 5’ ಎಂದು, ಎರಡನೆಯ ಮನೆಯಲ್ಲಿಯೂ ‘÷ 5’ ಎಂದು ಬರೆಯಬೇಕು. ಆಮೇಲೆಯೇ ಉತ್ತರ. ಎರಡು ಮನೆಗಳಲ್ಲಿ ಬರೆದದ್ದು ಅಕ್ಷರಶಃ ಒಂದೇ ಇರದಿದ್ದರೆ ಉತ್ತರದ ಕಡೆಗೆ ನೋಡಲೇಬೇಡಿರಿ. ಅಂಕಿಯನ್ನು ಒರೆಸಿದ ಹುಡುಗನಿಗೆ ಆ ಮನೆಯಲ್ಲಿ ಏನು ಬರೆಯಬೇಕೆಂಬುದೇ ತೋಚದು. ಕಳೆದವನು ‘− 5’ ಎಂದು ಬರೆಯುತ್ತಾನೆ, ಗುರುತಿನಿಂದಲೇ ಸಿಕ್ಕಿಬೀಳುತ್ತಾನೆ. ಗಣಿತ ಓದದ ತಾಯಿಯೂ ಈ ಎರಡು ಮನೆಗಳನ್ನು ಹೋಲಿಸಿ ನೋಡಬಹುದು. “ಮೇಲೆ ಏನು ಮಾಡಿದಿ ತಮ್ಮಾ, ಕೆಳಗೆ ಏನು ಮಾಡಿದಿ?” ಎಂದು ಕೇಳಿದರೆ ಸಾಕು.

ಇನ್ನೊಂದು ಮಾತು ಉಳಿದಿದೆ. ಎಲ್ಲಿಯವರೆಗೆ ಭಾಗಿಸುತ್ತ ಹೋಗಬೇಕು? 24/40 ಅನ್ನು 2ರಿಂದ ಭಾಗಿಸಿ 12/20 ಮಾಡಿದರೆ ಅದು ಸಮಾನವೇ, ಅಡ್ಡ ಗುಣಿಸಿದರೂ ಸರಿಬರುತ್ತದೆ. ಆದರೆ ಅದು ಅತಿ ಸಂಕ್ಷಿಪ್ತ ರೂಪವಲ್ಲ. ಮತ್ತೆ 2ರಿಂದ ಭಾಗಿಸಿದರೆ 6/10, ಇನ್ನೊಮ್ಮೆ ಭಾಗಿಸಿದರೆ 3/5. ಇನ್ನು ಮುಂದೆ 3ಕ್ಕೂ 5ಕ್ಕೂ ಒಂದನ್ನು ಬಿಟ್ಟರೆ ಸಾಮಾನ್ಯವಾದ ಭಾಜಕವಿಲ್ಲ. ಇಲ್ಲಿ ನಿಲ್ಲಬೇಕು. 24ಕ್ಕೂ 40ಕ್ಕೂ ಸಾಮಾನ್ಯವಾದ ಅತ್ಯಂತ ದೊಡ್ಡ ಭಾಜಕ 8 ಎಂಬುದು ಮೊದಲೇ ಹೊಳೆದರೆ ಒಂದೇ ಸಲಕ್ಕೆ 3/5 ಬರುತ್ತದೆ. ಹೊಳೆಯದಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿದರೂ ತಲುಪುವುದು ಅಲ್ಲಿಗೇ. ಆತುರಪಡಿಸಬೇಡಿರಿ.

ಎಷ್ಟೋ ಮಕ್ಕಳು ಸಂಖ್ಯೆಗಳು ಸಮವಾಗಿರದಿದ್ದರೆ ಲೆಕ್ಕ ಮುಗಿಯಿತೆಂದು ತಿಳಿಯುತ್ತಾರೆ. 51/68 ಎಂಬುದನ್ನು ಕೊಟ್ಟರೆ 51 ಬೆಸವಾಗಿರುವುದನ್ನು ನೋಡಿ ಅಲ್ಲಿಯೇ ಬಿಡುತ್ತಾರೆ. ಇಂಥಲ್ಲಿ ಒಂದು ಉಪಾಯವಿದೆ. ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. 68ರಲ್ಲಿ 51 ಹೋದರೆ 17. ಎರಡನ್ನೂ ಭಾಗಿಸುವ ಸಂಖ್ಯೆ ಯಾವುದಿದ್ದರೂ ಅದು ಈ 17ನ್ನೂ ಭಾಗಿಸಲೇಬೇಕು. 17ನ್ನು ಭಾಗಿಸುವ ಸಂಖ್ಯೆಗಳು 1 ಮತ್ತು 17 ಎರಡೇ. 17ರಿಂದ ಪ್ರಯತ್ನಿಸಿದರೆ 51 ಎಂದರೆ ಮೂರು ಹದಿನೇಳು, 68 ಎಂದರೆ ನಾಲ್ಕು ಹದಿನೇಳು. ಉತ್ತರ 3/4. ಕಳೆಯುವುದು ಇಲ್ಲಿ ಭಾಜಕವನ್ನು ಹುಡುಕುವುದಕ್ಕೆ ಮಾತ್ರ. ಉತ್ತರದ ಮನೆಗೆ ಅದು ಹೋಗಬಾರದು.

ಕೆಳಗೆ ಇಳಿಸಿದಂತೆ ಮೇಲಕ್ಕೆ ಏರಿಸುವುದೂ ಬೇಕಾಗುತ್ತದೆ. ಎಕರೆಯ 3/8 ದೊಡ್ಡದೋ, 2/5 ದೊಡ್ಡದೋ? ನೋಡಿದೊಡನೆ ಹೇಳಲಾಗದು. 3/8ಕ್ಕೆ ಮೇಲೂ ಕೆಳಗೂ 5ರಿಂದ ಗುಣಿಸಿದರೆ 15/40. 2/5ಕ್ಕೆ ಮೇಲೂ ಕೆಳಗೂ 8ರಿಂದ ಗುಣಿಸಿದರೆ 16/40. ಎರಡನೆಯದು ಒಂದು ಗುಂಟೆ ಹೆಚ್ಚು. ತುಂಡುಗಳು ಸವರ್ಣವಾದ ಮೇಲೆ ಎಣಿಸುವುದೊಂದೇ ಕೆಲಸ.

ಈ ವಿದ್ಯೆ ಇಡೀ ದೇಶದ ಅಂಗಡಿಗಳಲ್ಲಿ ಬೇಕಾಗಿದ್ದ ಒಂದು ಸಂದರ್ಭವನ್ನು ನೆನೆಯೋಣ. 1957ನೆಯ ಇಸವಿಯ ಏಪ್ರಿಲ್ 1ರಂದು ರೂಪಾಯಿಗೆ 16 ಆಣೆ ಹೋಗಿ 100 ನಯೇ ಪೈಸೆ ಬಂದವು. ನಾಲ್ಕಾಣೆ ಎಂದರೆ 4/16. ಸಂಕ್ಷೇಪಿಸಿದರೆ 1/4. ಮೇಲೂ ಕೆಳಗೂ 25ರಿಂದ ಗುಣಿಸಿದರೆ 25/100, ಅಂದರೆ 25 ಪೈಸೆ. ಎಳ್ಳಷ್ಟೂ ವ್ಯತ್ಯಾಸವಿಲ್ಲ. ಎಂಟಾಣೆಗೆ 50, ಹನ್ನೆರಡಾಣೆಗೆ 75, ಇವೂ ಸರಿ. ಆದರೆ ಮೂರಾಣೆಗೆ? 3/16 ಎಂಬುದು ಇನ್ನು ಸಂಕ್ಷೇಪವಾಗದು. 16ನ್ನು ಯಾವ ಪೂರ್ಣಸಂಖ್ಯೆಯಿಂದ ಗುಣಿಸಿದರೂ 100 ಬಾರದು. ಆದ್ದರಿಂದ ಪರಿವರ್ತನೆಯ ಕೋಷ್ಟಕದಲ್ಲಿ ಮೂರಾಣೆಗೆ 19 ಪೈಸೆಯೆಂದು ಗೊತ್ತುಮಾಡಿದರು. ಅಡ್ಡ ಗುಣಿಸಿ ನೋಡಿರಿ: 3 ನೂರಲೆ 300, 19 ಹದಿನಾರಲೆ 304. ಕೊಡುವವನಿಗೆ ಅಷ್ಟು ತುಸು ನಷ್ಟ. ಎರಡಾಣೆಗೆ 12 ಪೈಸೆ: 2 ನೂರಲೆ 200, 12 ಹದಿನಾರಲೆ 192. ಇಲ್ಲಿ ಕೊಡುವವನಿಗೆ ತುಸು ಲಾಭ. ಆಣೆಯ ಲೆಕ್ಕ ಎಲ್ಲಿ ಸರಿಯಾಗಿ ಪೈಸೆಗೆ ಬರುತ್ತದೆ, ಎಲ್ಲಿ ಬಾರದು ಎಂಬುದನ್ನು ಸಂಕ್ಷಿಪ್ತ ರೂಪದ ಛೇದವೇ ಹೇಳಿಬಿಡುತ್ತದೆ. ಆ ಛೇದವು 100ನ್ನು ನಿಶ್ಶೇಷವಾಗಿ ಭಾಗಿಸಿದರೆ ಬರುತ್ತದೆ, ಇಲ್ಲದಿದ್ದರೆ ಬಾರದು.

ಇಗೋ, ಅಭ್ಯಾಸದ ಹಾಳೆ. ಪ್ರತಿಯೊಂದು ಲೆಕ್ಕದ ಮುಂದೆ ಐದು ಮನೆಗಳನ್ನು ಹಾಕಿಸಿರಿ: ಭಿನ್ನರಾಶಿ, ಮೇಲೆ ಮಾಡಿದ್ದು, ಕೆಳಗೆ ಮಾಡಿದ್ದು, ಉತ್ತರ, ಅಡ್ಡ ಗುಣಿಸಿದ ಒರೆ.

1. ಬೈಲಹೊಂಗಲದ ಬದಿಯ ಒಂದು ಎಕರೆಯಲ್ಲಿ 24 ಗುಂಟೆ ಹತ್ತಿ ಬಿತ್ತಿದ್ದಾರೆ. ಎಕರೆಯ ಎಷ್ಟು ಭಾಗ?

2. ಕಿತ್ತೂರಿನ ಬದಿಯ ಒಂದು ಎಕರೆ ಗದ್ದೆಯಲ್ಲಿ 21 ಗುಂಟೆ ಭತ್ತದ ನಾಟಿಯಾಗಿದೆ. ಎಷ್ಟು ಭಾಗ? ಸಂಕ್ಷೇಪಿಸಬಹುದೆ?

3. ಸವದತ್ತಿಯ ಒಬ್ಬ ರೈತನು 35 ಚೀಲ ಜೋಳದಲ್ಲಿ 21 ಚೀಲ ಮಾರಿದನು. ಎಷ್ಟು ಭಾಗ ಮಾರಿದನು?

4. ರಾಮದುರ್ಗದ ಒಬ್ಬ ನೇಕಾರನು 60 ಮೊಳದ ಹಾಸಿನಲ್ಲಿ 45 ಮೊಳ ನೇಯ್ದಿದ್ದಾನೆ. ಎಷ್ಟು ಭಾಗ ಮುಗಿಯಿತು?

5. ಎಕರೆಯ 5/8 ಎಂದರೆ ಎಷ್ಟು ಗುಂಟೆ? ಛೇದವನ್ನು 40 ಮಾಡಿ ತೋರಿಸಿರಿ.

6. ಒಬ್ಬ ಹುಡುಗನು 18/24 = 9/8 ಎಂದು ಬರೆದಿದ್ದಾನೆ. ಅವನು ಮೇಲೆ ಏನು ಮಾಡಿದ, ಕೆಳಗೆ ಏನು ಮಾಡಿದ?

7. ಒಬ್ಬ ಹುಡುಗಿ 8/20 = 6/18 ಎಂದು ಬರೆದಿದ್ದಾಳೆ. ಅವಳು ಏನು ಮಾಡಿದಳು?

ಉತ್ತರಗಳನ್ನು ಮಗು ಮುಗಿಸಿದ ಮೇಲೆಯೇ ನೋಡಿರಿ. ಮೊದಲನೆಯದು 3/5. ಎರಡನೆಯದು 21/40 ಇದ್ದಂತೆಯೇ ಇರಬೇಕು. 21 ಎಂದರೆ ಮೂರೇಳು, 40ನ್ನು 3 ಭಾಗಿಸದು, 7 ಭಾಗಿಸದು. ಸಂಕ್ಷೇಪಿಸಲಾಗದು ಎಂಬುದೂ ಒಂದು ಉತ್ತರವೇ. ಇದನ್ನು ತಿಳಿಯದ ಮಕ್ಕಳು ಏನಾದರೂ ಮಾಡಲೇಬೇಕೆಂದು ಮೇಲೆ 7ರಿಂದ, ಕೆಳಗೆ 8ರಿಂದ ಭಾಗಿಸಿಬಿಡುತ್ತಾರೆ. ಮೂರನೆಯದು 3/5, ನಾಲ್ಕನೆಯದು 3/4, ಐದನೆಯದು 25/40, ಅಂದರೆ 25 ಗುಂಟೆ. ಆರನೆಯದರಲ್ಲಿ ಹುಡುಗನು ಮೇಲೆ 2ರಿಂದ, ಕೆಳಗೆ 3ರಿಂದ ಭಾಗಿಸಿದ್ದಾನೆ. ಇಲ್ಲಿ ಅಡ್ಡ ಗುಣಿಸುವ ಮೊದಲೇ ಅನುಮಾನ ಬರಬೇಕು. ಎಂಟು ತುಂಡು ಮಾಡಿದ್ದರಲ್ಲಿ ಒಂಬತ್ತು ತುಂಡು ಎಲ್ಲಿಂದ ಬರಬೇಕು? ಏಳನೆಯದರಲ್ಲಿ ಹುಡುಗಿ ಎರಡರಲ್ಲಿಯೂ 2 ಕಳೆದಿದ್ದಾಳೆ. ಸರಿಯಾದ ಉತ್ತರ 2/5.

ಕೊನೆಯ ಎರಡು ಲೆಕ್ಕಗಳನ್ನು ಬಿಡಬೇಡಿರಿ. ಬೇರೆಯವರ ತಪ್ಪನ್ನು ಹುಡುಕಿ ಅದರ ಕಾರಣವನ್ನು ಬಾಯಿಬಿಟ್ಟು ಹೇಳಿದ ಮಗುವು ತನ್ನ ವಹಿಯನ್ನೂ ಅದೇ ಕಣ್ಣಿನಿಂದ ನೋಡತೊಡಗುತ್ತದೆ. ನಾಲ್ಕು ದಿನ ಈ ಎರಡು ಮನೆಗಳನ್ನು ಬರೆಸಿರಿ. ಐದನೆಯ ದಿನ ಮನೆಗಳನ್ನು ತೆಗೆದುಹಾಕಿ, ಬರಿಯ ಉತ್ತರ ಬರೆಸಿ, ಆಮೇಲೆ ಬಾಯಿಂದ ಕೇಳಿರಿ. ಮೇಲೆ ಏನು, ಕೆಳಗೆ ಏನು ಎಂಬುದನ್ನು ತಡವರಿಸದೆ ಹೇಳಿದರೆ ಮಗುವಿಗೆ ಪಾಠ ಬಂದಿದೆಯೆಂದು ತಿಳಿಯಬಹುದು. ತಡವರಿಸಿದರೆ ಉತ್ತರ ಸರಿಯಿದ್ದರೂ ಆ ಎರಡು ಮನೆಗಳನ್ನು ಇನ್ನೂ ನಾಲ್ಕು ದಿನ ಇಡಿರಿ.